ಎರವಲು ಸಂಗೀತದ ಮೋಹ

ನಾಲ್ಕು ನಿಮಿಷದ ಅನಿಮೇಷನ್ ಚಿತ್ರವೊಂದನ್ನು ಊಹಿಸಿಕೊಳ್ಳಿ: ಕಾಗೆಯೊಂದು ಪುಟ್ಟ ಹುಡುಗಿಯ ಗೆಜ್ಜೆ ಕದಿಯುತ್ತದೆ. ಸಂಕಲನದ ಹೊತ್ತಿಗೆ ನಿರ್ದೇಶಕರು ಬೇರೆಲ್ಲಿಂದಲೋ ತಂದು ಕೂರಿಸುವ ತಾತ್ಕಾಲಿಕ ಸಂಗೀತವೇ ಟೆಂಪ್ ಟ್ರ್ಯಾಕ್. ವಾರಗಟ್ಟಲೆ ಕೇಳಿದ ಕಿವಿಗೆ ಅದೇ ಅಂಟಿಕೊಳ್ಳುತ್ತದೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಬರೆದುಕೊಟ್ಟ ಸಂಗೀತವನ್ನು ಕುಬ್ರಿಕ್ ಕೈಬಿಟ್ಟದ್ದು ಹೀಗೆಯೇ.

ಆದ್ದರಿಂದ ಸಂಯೋಜಕರಿಗೆ ‘ಇದೇ ಥರ ಬೇಕು’ ಎನ್ನದೆ, ಹಿಡಿಸಿದ್ದು ಲಯವೋ, ವಾದ್ಯವೋ, ಮೌನವೋ ಎಂದು ಬಿಡಿಸಿ ಹೇಳಬೇಕು. ಕ್ಯೂ ಶೀಟ್‌ನ ಸಾಲು ಹೀಗಿರಲಿ: ‘1:12ಕ್ಕೆ ಶುರು, 1:31ಕ್ಕೆ ಕಾಗೆ ಗೆಜ್ಜೆ ಎತ್ತಿದೊಡನೆ ಸಂಗೀತ ನಿಲ್ಲಲಿ, ಗೆಜ್ಜೆಯ ಸದ್ದಷ್ಟೇ ಕೇಳಲಿ.’ ಆಮೇಲೆ ದೃಶ್ಯ ಕತ್ತರಿಸಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಸಂಕಲನ ಮುಗಿಸಿಯೇ ಶೀಟ್ ಕೊಡಿ.

ಹುಡುಗಿಗೆ ಕೊಳಲಿನ ನಾಲ್ಕು ಸ್ವರ, ಕಾಗೆಗೆ ಪಿಟೀಲಿನ ಒರಟು ಎಳೆತ. ಕೊನೆಗೆ ಕಾಗೆ ಗೆಜ್ಜೆ ಮರಳಿಸುವಾಗ ಪಿಟೀಲು ಆ ನಾಲ್ಕು ಸ್ವರ ನುಡಿಸಿದರೆ, ಸ್ನೇಹವಾಯಿತೆಂದು ಮಾತಿಲ್ಲದೆ ತಿಳಿಯುತ್ತದೆ.