ಯಥಾಶಕ್ತಿ ಬೇಡ, ಒಂದು ಸೈಡ್ ಡ್ರಮ್ ಕೊಡಿ

‘ಮಾನ್ಯರೇ, ನಮ್ಮ ಪ್ರೌಢಶಾಲೆಗೆ ಬ್ಯಾಂಡ್‌ಸೆಟ್ ಅಗತ್ಯವಿದ್ದು, ತಾವು ಯಥಾಶಕ್ತಿ ಧನಸಹಾಯ ಮಾಡಬೇಕಾಗಿ ವಿನಂತಿ.’ ತಾಲ್ಲೂಕು ಪೇಟೆಯ ಅಂಗಡಿಗಳಿಗೆ ಶಾಲೆಯ ಸಂಗೀತ ಮೇಷ್ಟ್ರು ಬರೆಯುವ ಪತ್ರ ಸಾಮಾನ್ಯವಾಗಿ ಹೀಗೇ ಇರುತ್ತದೆ. ದಿನಸಿ ಅಂಗಡಿಯವರು ಓದಿ, ಗಲ್ಲಾದಿಂದ ನೂರು ರೂಪಾಯಿ ತೆಗೆದುಕೊಟ್ಟು, ಮರೆತುಬಿಡುತ್ತಾರೆ. ಅವರಿಗೆ ಕೊಡುವ ಮನಸ್ಸಿಲ್ಲ ಎಂದಲ್ಲ. ‘ಯಥಾಶಕ್ತಿ’ ಎಂದರೆ ಎಷ್ಟು ಎಂದು ಪತ್ರವೇ ಹೇಳಿಲ್ಲ. ಹಾಗಾಗಿ ಗಣೇಶನ ಚಂದಾದ ಅಳತೆಯನ್ನೇ ಇಲ್ಲಿಗೂ ಹಾಕುತ್ತಾರೆ.

ಅದೇ ಪತ್ರವನ್ನು ಬೇರೆ ರೀತಿ ಬರೆಯಬಹುದು. ಮೊದಲು ಮೇಷ್ಟ್ರು ತಮ್ಮ ಮಕ್ಕಳನ್ನು ಎಣಿಸಬೇಕು. ಒಂಬತ್ತು ಮಕ್ಕಳ ಸಣ್ಣ ಬ್ಯಾಂಡ್ ಎಂದಿಟ್ಟುಕೊಳ್ಳಿ: ನಾಲ್ಕು ಸೈಡ್ ಡ್ರಮ್, ಒಂದು ಬಾಸ್ ಡ್ರಮ್, ಒಂದು ಜೊತೆ ತಾಳ, ಒಂದು ಟ್ರಯಾಂಗಲ್, ಎರಡು ಬ್ಯೂಗಲ್. ದರ ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದರಿಂದ ಎರಡು ಮೂರು ಕಡೆ ಕೊಟೇಶನ್ ತರಿಸಬೇಕು. ಲೆಕ್ಕ ತಿಳಿಯಲೆಂದು ಹೀಗೆ ಹಿಡಿಯೋಣ: ಸೈಡ್ ಡ್ರಮ್ಮಿಗೆ 4,000ದಂತೆ 16,000, ಬಾಸ್ ಡ್ರಮ್ಮಿಗೆ 9,000, ತಾಳಕ್ಕೆ 2,500, ಬ್ಯೂಗಲ್‌ಗಳಿಗೆ 5,000, ಟ್ರಯಾಂಗಲ್‌ಗೆ 500. ಒಟ್ಟು 33,000 ರೂಪಾಯಿ. ಇದರ ಮೇಲೆ ರಿಪೇರಿಗೆಂದು 4,000 ಸೇರಿಸಲೇಬೇಕು. ಡ್ರಮ್ಮಿನ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿಯುವ ವಸ್ತು, ಕೋಲು ಮುರಿಯುವ ವಸ್ತು. ಇವಕ್ಕೆ ದುಡ್ಡಿಲ್ಲದೆ ಎರಡನೇ ವರ್ಷವೇ ಸ್ಟೋರ್‌ರೂಮ್ ಸೇರಿದ ಬ್ಯಾಂಡ್‌ಸೆಟ್‌ಗಳು ಎಷ್ಟೋ.

ಈಗ ಕೇಳುವುದು ಸುಲಭ. ಬಟ್ಟೆ ಅಂಗಡಿಗೆ ಹೋಗುವ ಪತ್ರದಲ್ಲಿ, ‘ಎಂಟನೇ ತರಗತಿಯ ಒಬ್ಬ ಹುಡುಗಿ ನುಡಿಸುವ ಒಂದು ಸೈಡ್ ಡ್ರಮ್, ಅದರ ಪಟ್ಟಿ ಮತ್ತು ಕೋಲು ಸಹಿತ, 4,000 ರೂಪಾಯಿ’ ಎಂದಿರುತ್ತದೆ. ಪಕ್ಕದ ಹೋಟೆಲಿನವರಿಗೆ ತಾಳ, ಅಕ್ಕಿ ಗಿರಣಿಯವರಿಗೆ ಬಾಸ್ ಡ್ರಮ್, ಸೈಕಲ್ ಶಾಪಿನವರಿಗೆ ಟ್ರಯಾಂಗಲ್. ಯಾರ ಕೈಗೆ ಎಷ್ಟು ಎಟಕುತ್ತದೆ ಎಂದು ಆ ಪೇಟೆಯಲ್ಲೇ ಸಾಮಾನು ಕೊಳ್ಳುವ ಮೇಷ್ಟ್ರಿಗೆ ಗೊತ್ತಿರುತ್ತದೆ.

ವಾದ್ಯದ ವಿಚಾರದಲ್ಲೂ ಪತ್ರ ಬಾಯಿಬಿಟ್ಟು ಹೇಳಬೇಕಾದ್ದಿದೆ. ಬ್ಯೂಗಲ್ ಕೊಟ್ಟವರು ಆಗಸ್ಟ್ 15ರಂದು ಅದರಲ್ಲಿ ‘ಜನಗಣಮನ’ ಕೇಳಬಹುದೆಂದು ಕಾಯುತ್ತಾರೆ. ಅದು ಆಗದ ಮಾತು. ಟ್ರಂಪೆಟ್ಟಿಗೆ ಇರುವಂಥ ಒತ್ತುವ ಮೂರು ಗುಂಡಿಗಳು ಬ್ಯೂಗಲ್ಲಿಗೆ ಇಲ್ಲ. ತುಟಿಯ ಬಿಗಿತವೊಂದರಿಂದಲೇ ಹೊರಡುವ ಐದಾರು ಸ್ವರಗಳೂ ಒಂದಕ್ಕೊಂದು ದೂರ ದೂರ. ಕವಾಯತಿನ ಕರೆಗೆ ಅಷ್ಟು ಸಾಕು, ರಾಷ್ಟ್ರಗೀತೆಗೆ ಸಾಲದು. ‘ಮೊದಲ ವರ್ಷ ಮಾರ್ಚ್‌ಪಾಸ್ಟ್ ಮಾತ್ರ’ ಎಂದು ಪತ್ರದಲ್ಲೇ ಬರೆದರೆ ಮುಂದೆ ಮಾತು ಕೇಳಬೇಕಾಗುವುದಿಲ್ಲ.

ಕೆಲವರು ಮನೆಯಲ್ಲಿದ್ದ ಹಳೆಯ ಡ್ರಮ್ ಕೊಡಲು ಬರುತ್ತಾರೆ. ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಸೈಡ್ ಡ್ರಮ್ಮಿನ ಅಡಿಯಲ್ಲಿ ಬಿಗಿದ ಲೋಹದ ತಂತಿಗಳಿಂದ ‘ಜರ್’ ಎಂಬ ಸದ್ದು ಬರುತ್ತದೆ. ಅಳತೆ, ತಯಾರಿ ಬೇರೆಬೇರೆಯಾದ ನಾಲ್ಕು ಡ್ರಮ್ ಸೇರಿದರೆ ನಾಲ್ಕು ಬಗೆಯ ಸದ್ದು. ಆದ್ದರಿಂದ ಹಣ ಒಟ್ಟುಮಾಡಿ ಒಂದೇ ಕಡೆ ಕೊಳ್ಳುವುದು ಲೇಸು.

ಹಣ ಎಂದಕೂಡಲೇ ಅಂಗಡಿಯವರ ಮುಂದಿನ ಪ್ರಶ್ನೆ: ‘ಟ್ಯಾಕ್ಸ್‌ನಲ್ಲಿ ಕಳೆಯುತ್ತಾ ಮೇಷ್ಟ್ರೇ?’ ಇಲ್ಲಿ ಪತ್ರ ಇಲ್ಲದ ಆಸೆ ಹುಟ್ಟಿಸಬಾರದು. ಆದಾಯ ತೆರಿಗೆಯಲ್ಲಿ ದಾನಕ್ಕೆ ಸಿಗುವ ವಿನಾಯಿತಿ ವಸ್ತುರೂಪದ ದಾನಕ್ಕಿಲ್ಲ, 2,000 ರೂಪಾಯಿ ಮೀರಿದ ನಗದಿಗೂ ಇಲ್ಲ. ದಾನ ಪಡೆಯುವ ಸಂಸ್ಥೆಗೂ ಅದರ ಮಾನ್ಯತೆ ಇರಬೇಕು. ಅದಿಲ್ಲದಿದ್ದರೆ ‘ರಸೀದಿ ಕೊಡುತ್ತೇವೆ, ತೆರಿಗೆ ವಿನಾಯಿತಿ ಇಲ್ಲ’ ಎಂದು ನೇರವಾಗಿ ಬರೆಯುವುದೇ ಮರ್ಯಾದೆ.

ಮೇಷ್ಟ್ರ ಸ್ವಂತ ಫೋನಿಗೆ ಹಣ ಹಾಕಿಸಿಕೊಂಡರೆ ಎಷ್ಟು ಪ್ರಾಮಾಣಿಕರಾದರೂ ಊರು ಸುಮ್ಮನಿರದು. ಸರ್ಕಾರಿ ಶಾಲೆಯಾದರೆ ಮೊದಲು ಎಸ್‌ಡಿಎಂಸಿ ಸಭೆಯ ಠರಾವು, ಪತ್ರದಡಿ ಮುಖ್ಯೋಪಾಧ್ಯಾಯರ ಸಹಿ, ಹಣ ಶಾಲೆಯ ಖಾತೆಗೆ. ವಾದ್ಯ ಬಂದ ದಿನವೇ ದಾಸ್ತಾನು ಪುಸ್ತಕದಲ್ಲಿ ನಮೂದಾಗಬೇಕು. ಪತ್ರ ಶಾಲೆ ತೆರೆದ ಮೊದಲ ವಾರದಲ್ಲೇ ಹೊರಟರೆ ಆಗಸ್ಟ್‌ಗೆ ಮುಂಚೆ ಮಕ್ಕಳ ಹೆಜ್ಜೆ ಮತ್ತು ಕೋಲು ಹೊಂದಿಕೊಳ್ಳಲು ಸಮಯ ಸಿಗುತ್ತದೆ. ತಡವಾದರೆ ಗಣೇಶನ ಚಂದಾ ಪುಸ್ತಕ ಎದುರಾಗುತ್ತದೆ.

ಕೊನೆಯ ಸಾಲು ದಾನಿಯ ಹೆಸರಿನದು. ನಮ್ಮ ಶಾಲೆಗಳ ಬೀರು, ಬೆಂಚು, ಫ್ಯಾನುಗಳ ಮೇಲೆಲ್ಲ ‘ಇಂಥವರ ಕೊಡುಗೆ’ ಎಂದು ಬರೆಸುವ ರೂಢಿಯಿದೆ, ಡ್ರಮ್ಮಿಗೂ ಬರೆಸಬಹುದು. ಬಾರಿಸುವ ಹಾಳೆಯ ಮೇಲೆ ಮಾತ್ರ ಬೇಡ, ಅದು ಬದಲಾಗುತ್ತಿರುತ್ತದೆ. ಪಕ್ಕದ ಕವಚದ ಮೇಲೆ ಬರೆಸಿದರೆ ಹಾಳೆ ಎಷ್ಟು ಹರಿದರೂ ಹೆಸರು ಉಳಿಯುತ್ತದೆ. ಹಾಳೆ ಹರಿದಾಗ ಹೊಸದಕ್ಕೆ ಯಾರ ಅಂಗಡಿಗೆ ಹೋಗಬೇಕೆಂಬುದೂ ಅಲ್ಲೇ ಬರೆದಿರುತ್ತದೆ.