ಗ್ರೇಡ್ 3 ಎಂದರೆ ಮೂರನೇ ಸ್ಟೇಜ್ ಅಲ್ಲ

ಸ್ತನ ಕ್ಯಾನ್ಸರಿನ ಆಪರೇಷನ್ ಆದ ಕೆಲವು ದಿನಗಳಿಗೆ ಪೆಥಾಲಜಿ ರಿಪೋರ್ಟು ಕೈಗೆ ಬರುತ್ತದೆ. ಅದರಲ್ಲಿ ‘ಗ್ರೇಡ್ 3’ ಎಂದು ಕಂಡದ್ದೇ ತಡ, ಮನೆಯವರು ‘ಥರ್ಡ್ ಸ್ಟೇಜ್ ಅಂತೆ’ ಎಂದು ನೆಂಟರಿಗೆಲ್ಲ ಫೋನು ಮಾಡಿಬಿಡುತ್ತಾರೆ. ಅದೇ ಹಾಳೆಯ ಕೆಳಗೆ ‘ಪಿಟಿ2, ಪಿಎನ್1ಎ’ ಎಂದೂ ಬರೆದಿರುತ್ತದೆ. ಸ್ಟೇಜಿನ ಸುಳಿವು ಇರುವುದು ಅಲ್ಲಿ. ಆದರೆ ಅದು ಅರ್ಥವಾಗದ ಸಾಲಾದ್ದರಿಂದ ಯಾರೂ ಓದುವುದಿಲ್ಲ.

ಈ ಟಿಎನ್‌ಎಂ ಪದ್ಧತಿಯನ್ನು 1940ರ ದಶಕದಲ್ಲಿ ರೂಪಿಸತೊಡಗಿದವರು ಫ್ರಾನ್ಸಿನ ಸರ್ಜನ್ ಪಿಯೆರ್ ದೆನ್ವಾ. ಟಿ ಎಂದರೆ ಗಡ್ಡೆ, ಎನ್ ಎಂದರೆ ಹತ್ತಿರದ ದುಗ್ಧಗ್ರಂಥಿಗಳು, ಎಂ ಎಂದರೆ ದೂರದ ಅಂಗಗಳಿಗೆ ಹರಡಿದೆಯೇ ಎಂಬ ಪ್ರಶ್ನೆಗೆ ಉತ್ತರ. ಮೂರೂ ಸೇರಿ ಹೇಳುವುದು ಒಂದೇ ಸಂಗತಿ: ರೋಗ ದೇಹದಲ್ಲಿ ಎಲ್ಲಿಯವರೆಗೆ ಹೋಗಿದೆ?

ಸ್ತನದ ಗಡ್ಡೆ 2 ಸೆಂಟಿಮೀಟರಿನೊಳಗಿದ್ದರೆ ಟಿ1, ಅದನ್ನು ಮೀರಿ 5ರವರೆಗೆ ಟಿ2, 5 ದಾಟಿದರೆ ಟಿ3. ಗಾತ್ರ ಎಷ್ಟೇ ಇರಲಿ, ಚರ್ಮದಲ್ಲಿ ಹುಣ್ಣು ಮಾಡಿದ್ದರೆ ಅಥವಾ ಎದೆಗೂಡಿನ ಗೋಡೆಗೆ ಇಳಿದಿದ್ದರೆ ಟಿ4. ಒಂದು ಉದಾಹರಣೆ ನೋಡೋಣ. ಗಡ್ಡೆ 2.8 ಸೆಂಟಿಮೀಟರ್. ಕಂಕುಳಿನಿಂದ ತೆಗೆದ 14 ಗ್ರಂಥಿಗಳ ಪೈಕಿ 2ರಲ್ಲಿ ಕ್ಯಾನ್ಸರ್ ಕಂಡಿದೆ. ಒಂದರಿಂದ ಮೂರು ಗ್ರಂಥಿಯಾದರೆ ಎನ್1, ನಾಲ್ಕರಿಂದ ಒಂಬತ್ತಾದರೆ ಎನ್2. ಹಾಗಾಗಿ ಇದು ಪಿಟಿ2, ಪಿಎನ್1ಎ. ಮೊದಲಿಗಿರುವ ಪುಟ್ಟ ‘ಪಿ’ ಅಕ್ಷರದ ಅರ್ಥ, ಅಳತೆ ನಡೆದದ್ದು ಆಪರೇಷನ್ನಿನಲ್ಲಿ ತೆಗೆದ ಭಾಗವನ್ನು ಪರೀಕ್ಷಿಸಿ ಎಂದು. ಆಪರೇಷನ್ನಿಗೆ ಮುಂಚೆ ಕೈಯಿಂದ ಮುಟ್ಟಿ, ಸ್ಕ್ಯಾನ್ ನೋಡಿ ಅಂದಾಜಿಸಿದ್ದರೆ ‘ಸಿ’, ಮೊದಲು ಕೀಮೋ ಕೊಟ್ಟು ಆಮೇಲೆ ಅಳೆದಿದ್ದರೆ ‘ವೈ’ ಇರುತ್ತದೆ. ಎಂ ಮಾತ್ರ ಈ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ತೆಗೆದ ತುಂಡನ್ನು ನೋಡಿ ಲಿವರ್, ಮೂಳೆಯ ಸ್ಥಿತಿ ಹೇಳಲಾಗದು. ಅದನ್ನು ವೈದ್ಯರು ತಪಾಸಣೆ, ಸ್ಕ್ಯಾನ್‌ಗಳಿಂದ ತೀರ್ಮಾನಿಸುತ್ತಾರೆ. ದೂರ ಹರಡಿಲ್ಲ, ಅಂದರೆ ಎಂ0 ಎಂದಾದರೆ ಈ ಮಹಿಳೆಯದು ಸ್ಟೇಜ್ 2ಬಿ. ಮೂರಲ್ಲ.

ಹಾಗಾದರೆ ಆ ಗ್ರೇಡ್ 3 ಎಲ್ಲಿಂದ ಬಂತು? ಸೂಕ್ಷ್ಮದರ್ಶಕದಿಂದ. ಹೊಲದಲ್ಲಿ ಕಳೆ ಎಷ್ಟು ದೂರ ಹಬ್ಬಿದೆ ಎನ್ನುವುದು ಒಂದು ಲೆಕ್ಕ, ಅದು ಎಷ್ಟು ಹಟಮಾರಿ ಜಾತಿಯ ಕಳೆ ಎನ್ನುವುದು ಬೇರೆಯೇ ಲೆಕ್ಕ. ಗ್ರೇಡ್ ಈ ಎರಡನೆಯದು. ಸ್ತನ ಕ್ಯಾನ್ಸರಿನಲ್ಲಿ ಬಳಕೆಯಲ್ಲಿರುವ ನಾಟಿಂಗ್‌ಹ್ಯಾಮ್ ವಿಧಾನದಲ್ಲಿ ಪೆಥಾಲಜಿಸ್ಟ್ ಮೂರು ಅಂಶ ನೋಡುತ್ತಾರೆ. ಜೀವಕೋಶಗಳು ಸಹಜ ಸ್ತನದಲ್ಲಿರುವಂತೆ ಸಣ್ಣ ನಾಳಗಳಾಗಿ ಜೋಡಿಸಿಕೊಂಡಿವೆಯೇ? ಅವುಗಳ ನ್ಯೂಕ್ಲಿಯಸ್ ಎಷ್ಟು ವಿಕಾರಗೊಂಡಿದೆ? ಒಡೆದು ಎರಡಾಗುತ್ತಿರುವ ಕೋಶಗಳು ಎಷ್ಟು ಕಾಣುತ್ತವೆ? ಒಂದೊಂದಕ್ಕೂ 1ರಿಂದ 3 ಅಂಕ. ಕೂಡಿದರೆ 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7ಕ್ಕೆ ಗ್ರೇಡ್ 2, 8 ಅಥವಾ 9ಕ್ಕೆ ಗ್ರೇಡ್ 3. ನಮ್ಮ ಉದಾಹರಣೆಯಲ್ಲಿ ನಾಳಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅದಕ್ಕೆ 3, ನ್ಯೂಕ್ಲಿಯಸ್‌ಗೆ 3, ವಿಭಜನೆಗೆ 2. ಒಟ್ಟು 8. ಈ ಎಣಿಕೆಯಲ್ಲಿ ಗಡ್ಡೆಯ ಗಾತ್ರಕ್ಕೂ ಗ್ರಂಥಿಗಳಿಗೂ ಜಾಗವೇ ಇಲ್ಲ ಎನ್ನುವುದನ್ನು ಗಮನಿಸಿ.

ಆದ್ದರಿಂದಲೇ ಒಂದು ಸೆಂಟಿಮೀಟರಿನ, ಎಲ್ಲಿಗೂ ಹರಡದ ಗಡ್ಡೆ ಗ್ರೇಡ್ 3 ಆಗಿದ್ದೂ ಸ್ಟೇಜ್ 1 ಆಗಿರಬಹುದು. ಮೂಳೆಗೆ ಹರಡಿದ ಗ್ರೇಡ್ 1 ಗಡ್ಡೆ ಸ್ಟೇಜ್ 4 ಆಗಿರಬಹುದು. ಹಾಗೆಂದು ಗ್ರೇಡನ್ನು ಕಡೆಗಣಿಸುವಂತಿಲ್ಲ. ಅಮೆರಿಕದ ಕ್ಯಾನ್ಸರ್ ಜಂಟಿ ಸಮಿತಿಯ ಎಂಟನೇ ಆವೃತ್ತಿಯ ನಿಯಮಗಳಲ್ಲಿ ಸ್ತನ ಕ್ಯಾನ್ಸರಿಗೆ ಮುನ್ಸೂಚನೆಯ ಸ್ಟೇಜ್ ಎಂಬ ಇನ್ನೊಂದು ಲೆಕ್ಕವಿದೆ. ಅದರಲ್ಲಿ ಟಿಎನ್‌ಎಂ ಜೊತೆಗೆ ಗ್ರೇಡ್, ಹಾರ್ಮೋನು ಗ್ರಾಹಕಗಳು ಮತ್ತು ಹರ್‌2 ಪರೀಕ್ಷೆಯ ಫಲಿತಾಂಶವೂ ಸೇರಿ, ಸ್ಟೇಜ್ ಮೇಲಕ್ಕೋ ಕೆಳಕ್ಕೋ ಸರಿಯಬಹುದು. ಒಬ್ಬರಿಗೇ ಎರಡು ಸ್ಟೇಜ್ ಹೇಳಿದರೆ ವೈದ್ಯರು ಗೊಂದಲದಲ್ಲಿದ್ದಾರೆ ಎಂದಲ್ಲ.

ಎಡವುವ ಜಾಗಗಳೂ ಇವೆ. ಸೂಜಿ ಬಯಾಪ್ಸಿಯಲ್ಲಿ ಸಿಗುವುದು ಗಡ್ಡೆಯ ಚಿಕ್ಕ ಎಳೆಗಳಷ್ಟೆ. ಅಲ್ಲಿ ಗ್ರೇಡ್ 2 ಎಂದದ್ದು ಪೂರ್ತಿ ಗಡ್ಡೆ ನೋಡಿದಾಗ 3 ಆಗುವುದುಂಟು. ‘ಎನ್‌ಎಕ್ಸ್’ ಎಂದಿದ್ದರೆ ಗ್ರಂಥಿಗಳನ್ನು ಪರೀಕ್ಷಿಸಲು ಆಗಿಲ್ಲ ಎಂದೇ ಹೊರತು ಅವು ಚೆನ್ನಾಗಿವೆ ಎಂದಲ್ಲ. ಮಿದುಳಿನ ಗಡ್ಡೆಗಳ ಕತೆಯೇ ಬೇರೆ: ಅವಕ್ಕೆ ಟಿಎನ್‌ಎಂ ಬಳಸುವುದಿಲ್ಲ, ಅಲ್ಲಿ ಗ್ರೇಡೇ ಮುಖ್ಯ.

ರಿಪೋರ್ಟು ಹಿಡಿದು ವೈದ್ಯರ ಮುಂದೆ ಕೂತಾಗ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಈ ಸ್ಟೇಜ್ ಆಪರೇಷನ್ನಿಗೆ ಮುಂಚಿನದೋ ನಂತರದ್ದೋ, ಎಷ್ಟು ಗ್ರಂಥಿ ನೋಡಿ ಎಷ್ಟರಲ್ಲಿ ರೋಗ ಕಂಡಿತು, ಗ್ರೇಡ್ ಎಷ್ಟು. ನೆಂಟರಿಗೆ ಫೋನು ಆಮೇಲೆ ಮಾಡಬಹುದು.