ಟಿವಿಯ ವಿವರಪಟ್ಟಿ: ಯಾವ ಸಾಲನ್ನು ನಂಬಬೇಕು?

ಮಹಾನವಮಿಗೆ ಮುಂಚೆಯೇ ಶುರುವಾಗಿ ದೀಪಾವಳಿ ಮುಗಿಯುವ ತನಕ ಎಳೆಯುವ ಹಬ್ಬದ ಸೇಲ್‌ಗಳಲ್ಲಿ ಟಿವಿ ಕೊಳ್ಳಲು ಹೊರಟವರಿಗೆ ಒಂದು ಗೊಂದಲ ಕಟ್ಟಿಟ್ಟದ್ದು. ಎರಡೂ 55 ಇಂಚಿನ ಟಿವಿ. ಎರಡರ ಪಟ್ಟಿಯಲ್ಲೂ 4ಕೆ ಇದೆ, ಎಚ್‌ಡಿಆರ್ ಇದೆ, 107 ಕೋಟಿ ಬಣ್ಣ ಇದೆ, 120 ಎಂಬ ಅಂಕಿಯೂ ಇದೆ. ಆದರೆ ಒಂದರ ಬೆಲೆ ಇನ್ನೊಂದರ ಎರಡರಷ್ಟು. ಹಾಗಾದರೆ ಹೆಚ್ಚಿನ ದುಡ್ಡು ಬರೀ ಬ್ರ್ಯಾಂಡಿನ ಹೆಸರಿಗೆ ಹೋಗುತ್ತಿದೆಯೇ?

ಕೆಲವೊಮ್ಮೆ ಹೌದು. ಬಹಳ ಸಲ ಅಲ್ಲ. ಟಿವಿ ಯಾವ ಬಗೆಯ ಸಿಗ್ನಲ್ ಸ್ವೀಕರಿಸುತ್ತದೆ ಎನ್ನುವುದು ಒಂದು ಸಂಗತಿ, ಅದನ್ನು ಪರದೆಯ ಮೇಲೆ ಎಷ್ಟರ ಮಟ್ಟಿಗೆ ತೋರಿಸಬಲ್ಲದು ಎನ್ನುವುದು ಇನ್ನೊಂದು. ವಿವರಪಟ್ಟಿ ಇವೆರಡನ್ನೂ ಒಂದೇ ಅಕ್ಷರದಲ್ಲಿ ಅಕ್ಕಪಕ್ಕ ಬರೆದಿರುತ್ತದೆ. ಸ್ವೀಕರಿಸುವ ಶಕ್ತಿ ಚಿಪ್ಪಿನಿಂದ ಬರುತ್ತದೆ, ಅದು ಅಗ್ಗ. ತೋರಿಸುವ ಶಕ್ತಿ ಪ್ಯಾನೆಲ್ಲಿನಿಂದ ಮತ್ತು ಅದರ ಹಿಂದಿನ ದೀಪಗಳಿಂದ ಬರುತ್ತದೆ, ದುಡ್ಡು ಹೋಗುವುದು ಅಲ್ಲಿಗೆ. ಅಗ್ಗದ ಟಿವಿಯ ಜಾಹೀರಾತು ಮೊದಲನೆಯದನ್ನು ದೊಡ್ಡದಾಗಿ ಬರೆದು ಎರಡನೆಯದರ ಬಗ್ಗೆ ಸುಮ್ಮನಿರುತ್ತದೆ.

ಸೇಲ್‌ನಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಪಟ್ಟಿಯನ್ನೇ ತೆಗೆದುಕೊಳ್ಳೋಣ: "55 ಇಂಚು, 4ಕೆ, ಕ್ಯುಎಲ್‌ಇಡಿ, ಎಚ್‌ಡಿಆರ್10 ಮತ್ತು ಡಾಲ್ಬಿ ವಿಷನ್, 107 ಕೋಟಿ ಬಣ್ಣ, ಮೈಕ್ರೋ ಡಿಮ್ಮಿಂಗ್, ಮೋಷನ್ 120, ಎಚ್‌ಡಿಎಂಐ 2.1, ಡಾಲ್ಬಿ ಅಟ್ಮಾಸ್."

ಮೊದಲ ಎರಡು ಮಾತುಗಳಲ್ಲಿ ಮೋಸವಿಲ್ಲ. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳು. ಈಗ ಈ ಅಳತೆಯ ಟಿವಿಗಳೆಲ್ಲ ಬಹುತೇಕ 4ಕೆ ಆಗಿರುವುದರಿಂದ ಆ ಸಾಲನ್ನು ನೋಡಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲು ಆಗುವುದಿಲ್ಲ.

ಕ್ಯುಎಲ್‌ಇಡಿ ಎಂಬಲ್ಲಿಂದ ಎಚ್ಚರ ಬೇಕು. ಅದರ ಹೆಸರು ಓಎಲ್‌ಇಡಿಯನ್ನು ಹೋಲುತ್ತದೆ, ಆದರೆ ಎರಡೂ ಬೇರೆಯೇ ತಂತ್ರಗಳು. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕ್ಯುಎಲ್‌ಇಡಿ ಎಂದು ಮಾರುವುದು ಎಲ್‌ಸಿಡಿ ಟಿವಿಯನ್ನೇ. ಅದರ ಹಿಂದಿನ ದೀಪ ಮತ್ತು ಪರದೆಯ ನಡುವೆ ಕ್ವಾಂಟಮ್ ಡಾಟ್ ಎಂಬ ಅತಿ ಸಣ್ಣ ಕಣಗಳ ಪದರವಿರುತ್ತದೆ. ಈ ಪದರದಿಂದ ಕೆಂಪು, ಹಸಿರು ಹೆಚ್ಚು ಶುದ್ಧವಾಗಿ ಕಾಣುತ್ತವೆ, ಅದು ನಿಜವಾದ ಲಾಭವೇ. ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ ಎನ್ನುವುದಕ್ಕೆ ಮಾತ್ರ ಆ ಪದರ ಏನೂ ಮಾಡಲಾರದು. ಅದನ್ನು ತೀರ್ಮಾನಿಸುವುದು ಹಿಂದಿನ ದೀಪಗಳ ಜೋಡಣೆ.

ಇದನ್ನು ಹತ್ತಿರದಿಂದ ನೋಡೋಣ. ಕತ್ತಲ ಅಂಗಳದಲ್ಲಿ ನಾಲ್ಕೈದು ಹಣತೆ ಉರಿಯುವ ಸಿನಿಮಾ ದೃಶ್ಯ ಟಿವಿಯಲ್ಲಿ ಬರುತ್ತಿದೆ ಎಂದುಕೊಳ್ಳಿ. ಅಗ್ಗದ ಎಲ್‌ಸಿಡಿ ಟಿವಿಯಲ್ಲಿ ಹಿಂಬದಿಯ ದೀಪಗಳೆಲ್ಲ ಒಟ್ಟಿಗೇ ಹೆಚ್ಚಾಗುತ್ತವೆ, ಒಟ್ಟಿಗೇ ಕಡಿಮೆಯಾಗುತ್ತವೆ. ಹಣತೆ ಬೆಳಗಬೇಕೆಂದು ದೀಪ ಏರಿಸಿದರೆ ಆ ಬೆಳಕು ಕತ್ತಲ ಭಾಗದಿಂದಲೂ ಸೋರಿ ಅಂಗಳವೆಲ್ಲ ಬೂದುಬಣ್ಣಕ್ಕೆ ತಿರುಗುತ್ತದೆ. ಕತ್ತಲು ಗಾಢವಾಗಲೆಂದು ದೀಪ ಇಳಿಸಿದರೆ ಹಣತೆಯೇ ಮಂಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ಲೋಕಲ್ ಡಿಮ್ಮಿಂಗ್. ದೀಪಗಳನ್ನು ಗುಂಪುಗುಂಪಾಗಿ, ಅಂದರೆ ಜೋನ್‌ಗಳಾಗಿ ಒಡೆದು, ಹಣತೆಯ ಹಿಂದಿನ ಗುಂಪನ್ನಷ್ಟೇ ಬೆಳಗಿಸಿ ಉಳಿದವನ್ನು ತಗ್ಗಿಸುವ ವ್ಯವಸ್ಥೆ ಅದು. ಜೋನ್‌ಗಳು ಹೆಚ್ಚಿದ್ದಷ್ಟೂ ಹಣತೆಯ ಸುತ್ತ ಹಬ್ಬುವ ಮಸುಕು ಪ್ರಭೆ ಕಡಿಮೆ. ಮಿನಿ ಎಲ್‌ಇಡಿ ಟಿವಿಗಳಲ್ಲಿ ದೀಪಗಳನ್ನು ಬಹಳ ಚಿಕ್ಕದು ಮಾಡಿ ಇಂಥ ಜೋನ್‌ಗಳನ್ನು ನೂರಾರು ಇಡುತ್ತಾರೆ.

ಈಗ ನಮ್ಮ ಪಟ್ಟಿಯ ಮೈಕ್ರೋ ಡಿಮ್ಮಿಂಗ್‌ಗೆ ಬನ್ನಿ. ಕೇಳಲು ಲೋಕಲ್ ಡಿಮ್ಮಿಂಗ್‌ಗಿಂತಲೂ ಸೂಕ್ಷ್ಮವಾದದ್ದು ಎನಿಸುತ್ತದೆ. ಸಾಮಾನ್ಯವಾಗಿ ಇದು ಚಿತ್ರವನ್ನು ಭಾಗಗಳಾಗಿ ನೋಡಿ ಅದರ ಬೆಳಕು ನೆರಳನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದುವ ಕೆಲಸ. ಹಿಂದಿನ ದೀಪಗಳು ಹೇಗಿದ್ದವೋ ಹಾಗೇ ಇರುತ್ತವೆ. ಕಂಡುಹಿಡಿಯುವ ದಾರಿ ಸುಲಭ: ನಿಜವಾದ ಲೋಕಲ್ ಡಿಮ್ಮಿಂಗ್ ಇರುವ ಟಿವಿಯಲ್ಲಿ "ಫುಲ್ ಅರೇ ಲೋಕಲ್ ಡಿಮ್ಮಿಂಗ್" ಎಂದೋ ಇಷ್ಟು ಜೋನ್ ಎಂದೋ ಬರೆದಿರುತ್ತಾರೆ. ಅಷ್ಟು ಖರ್ಚು ಮಾಡಿದ ಕಂಪನಿ ಅದನ್ನು ಹೇಳದೆ ಬಿಡುವುದು ಅಪರೂಪ.

ಇದು ಅರ್ಥವಾದರೆ ಎಚ್‌ಡಿಆರ್‌ನ ಗುಟ್ಟೂ ಅರ್ಥವಾಗುತ್ತದೆ. ಪರದೆಯ ಬೆಳಕನ್ನು ಅಳೆಯುವ ಮಾನ ನಿಟ್. ಮಾಮೂಲಿ ವಿಡಿಯೋವನ್ನು ಸಿದ್ಧಪಡಿಸುವಾಗ ಅತಿ ಬೆಳಕಿನ ಭಾಗಕ್ಕೆ 100 ನಿಟ್ ಎಂದು ಲೆಕ್ಕ ಹಾಕುತ್ತಾರೆ. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್‌ಗೆ, ಕೆಲವನ್ನು 4000 ನಿಟ್‌ಗೆ ಸಿದ್ಧಪಡಿಸುತ್ತಾರೆ. ಹಣತೆಯ ಜ್ವಾಲೆ ಕಣ್ಣಿಗೆ ನಿಜವಾಗಿ ಹೊಳೆಯಬೇಕು, ಪಕ್ಕದ ಕತ್ತಲು ಕತ್ತಲಾಗಿಯೇ ಉಳಿಯಬೇಕು ಎನ್ನುವುದು ಅದರ ಉದ್ದೇಶ.

ನಮ್ಮ ಪಟ್ಟಿಯ ದರ್ಜೆಯ ಟಿವಿಗಳ ಬೆಳಕು ಸಾಮಾನ್ಯವಾಗಿ 250ರಿಂದ 350 ನಿಟ್. ಅದು ಎಚ್‌ಡಿಆರ್10 ಸಿಗ್ನಲ್ಲನ್ನು ತೆಗೆದುಕೊಂಡು, 1000 ನಿಟ್‌ನ ಚಿತ್ರವನ್ನು ತನ್ನ 300 ನಿಟ್‌ಗೆ ಅದುಮಿ ಕೂರಿಸುತ್ತದೆ. ಹಾಗಾಗಿ ಪಟ್ಟಿಯಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಅದುಮುವಾಗ ಕೆಲವೊಮ್ಮೆ ಇಡೀ ಚಿತ್ರವೇ ಮಂಕಾಗಿ, ಅದೇ ಸಿನಿಮಾ ಮಾಮೂಲಿ ರೂಪದಲ್ಲೇ ಚೆನ್ನಾಗಿತ್ತು ಎನಿಸುವುದುಂಟು. ಡಾಲ್ಬಿ ವಿಷನ್ ಇದ್ದರೆ ಪ್ರತಿ ದೃಶ್ಯಕ್ಕೂ ಬೇರೆ ಸೂಚನೆ ಸಿಗುವುದರಿಂದ ಈ ಅದುಮುವ ಕೆಲಸ ಸ್ವಲ್ಪ ನಾಜೂಕಾಗಿ ನಡೆಯುತ್ತದೆ. ಇಲ್ಲದ ಬೆಳಕನ್ನು ಅದೂ ಹುಟ್ಟಿಸಲಾರದು.

ಆದ್ದರಿಂದ ಎಚ್‌ಡಿಆರ್ ಪಕ್ಕದಲ್ಲಿರುವ ಹೆಸರುಗಳನ್ನು ಬಿಟ್ಟು ನಿಟ್ ಸಂಖ್ಯೆಯನ್ನು ಹುಡುಕಿ. ಅದರಲ್ಲೂ "ಪೀಕ್" ಎಂದಿದೆಯೇ, "ಟಿಪಿಕಲ್" ಎಂದಿದೆಯೇ ನೋಡಬೇಕು. ಪೀಕ್ ಎಂದರೆ ಪರದೆಯ ಸಣ್ಣ ಭಾಗ ಸ್ವಲ್ಪ ಹೊತ್ತು ಮುಟ್ಟುವ ಗರಿಷ್ಠ ಮಟ್ಟ. ಟಿಪಿಕಲ್ ಎಂದರೆ ಸಾಮಾನ್ಯವಾಗಿ ಸಿಗುವ ಬೆಳಕು. ಸಂಖ್ಯೆಯೇ ಇಲ್ಲದಿದ್ದರೆ ಕಡಿಮೆ ಎಂದೇ ತಿಳಿಯುವುದು ಒಳ್ಳೆಯದು. ನನ್ನ ಮಟ್ಟಿಗೆ, 600 ನಿಟ್‌ನ ಆಸುಪಾಸಿಗಾದರೂ ಬರದ, ಲೋಕಲ್ ಡಿಮ್ಮಿಂಗ್ ಕೂಡ ಇಲ್ಲದ ಎಲ್‌ಸಿಡಿ ಟಿವಿಯಲ್ಲಿ ಎಚ್‌ಡಿಆರ್ ಸಾಲಿಗೆ ಒಂದು ರೂಪಾಯಿಯೂ ಹೆಚ್ಚಿಗೆ ಕೊಡಬೇಕಿಲ್ಲ. ಓಎಲ್‌ಇಡಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಕಪ್ಪು ಸಂಪೂರ್ಣ ಕಪ್ಪಾಗಿರುವುದರಿಂದ ಕಡಿಮೆ ಬೆಳಕಿನಲ್ಲೂ ಹಣತೆ ಎದ್ದು ಕಾಣುತ್ತದೆ.

107 ಕೋಟಿ ಬಣ್ಣಗಳ ಲೆಕ್ಕ ಸರಳ. 10 ಬಿಟ್ ಸಿಗ್ನಲ್‌ನಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 1024 ಮೆಟ್ಟಿಲು. ಮೂರನ್ನೂ ಗುಣಿಸಿದರೆ 107 ಕೋಟಿ. 8 ಬಿಟ್‌ಗೆ ತಲಾ 256 ಮೆಟ್ಟಿಲು, ಗುಣಿಸಿದರೆ 1.67 ಕೋಟಿ. 8 ಬಿಟ್ ಪ್ಯಾನೆಲ್ಲನ್ನೇ ಎರಡು ಪಕ್ಕದ ಬಣ್ಣಗಳ ನಡುವೆ ಬೇಗಬೇಗ ಬದಲಿಸಿ ನಡುವಿನ ಬಣ್ಣ ಕಾಣುವಂತೆ ಮಾಡಿ 107 ಕೋಟಿ ಎಂದು ಬರೆಯುವುದೂ ಉಂಟು. ಕಣ್ಣಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ಆದರೆ ಈ ಸಂಖ್ಯೆ ಹೇಳುವುದು ಮೆಟ್ಟಿಲುಗಳ ಎಣಿಕೆಯನ್ನು. ಬಣ್ಣ ಎಷ್ಟು ಗಾಢವಾಗಬಲ್ಲದು ಎನ್ನುವುದನ್ನಲ್ಲ. ಅದಕ್ಕೆ "ಡಿಸಿಐ-ಪಿ3 ಶೇ. 90" ಎಂಬಂಥ ಸಾಲು ಬೇಕು. ಅದಿದ್ದರೆ ಕ್ಯುಎಲ್‌ಇಡಿ ಎಂಬ ಮಾತಿಗೂ ತೂಕ ಬರುತ್ತದೆ.

"ಮೋಷನ್ 120" ಎಂಬಲ್ಲಿ ಹರ್ಟ್ಸ್ ಎಂಬ ಮಾನವೇ ಇಲ್ಲದಿರುವುದನ್ನು ಗಮನಿಸಿ. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಎನ್ನುವುದು ರಿಫ್ರೆಶ್ ರೇಟ್, ಅದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಮಾನವಿಲ್ಲದ 120ರ ಹಿಂದೆ ಹೆಚ್ಚಾಗಿ 60 ಹರ್ಟ್ಸ್ ಪ್ಯಾನೆಲ್ ಇದ್ದು, ಉಳಿದದ್ದು ಚಲನೆ ನಯವಾಗಿ ಕಾಣಲೆಂದು ಮಾಡಿದ ಸಂಸ್ಕರಣೆ. ಇನ್ನೂ ಸೂಕ್ಷ್ಮವಾದ ಒಂದು ಬಗೆಯಿದೆ, ಡಿಎಲ್‌ಜಿ. ಇದರಲ್ಲಿ 60 ಹರ್ಟ್ಸ್‌ನ 4ಕೆ ಪ್ಯಾನೆಲ್ ಎರಡೆರಡು ಸಾಲುಗಳನ್ನು ಒಟ್ಟಿಗೆ ಬರೆದು 120 ಹರ್ಟ್ಸ್ ಮುಟ್ಟುತ್ತದೆ. ವೇಗ ನಿಜ, ಆದರೆ ಆಗ ಮೇಲಿಂದ ಕೆಳಗಿನ ಸ್ಪಷ್ಟತೆ ಅರ್ಧಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿ "ನೇಟಿವ್ 120 ಹರ್ಟ್ಸ್" ಎಂದಿದ್ದು, "4ಕೆಯಲ್ಲಿ 120 ಹರ್ಟ್ಸ್" ಎಂದೂ ಸ್ಪಷ್ಟವಾಗಿದ್ದರೆ ಮಾತ್ರ ಪೂರ್ತಿ ನಂಬಬಹುದು.

ಅದು ಯಾರಿಗೆ ಬೇಕು? ಪ್ಲೇಸ್ಟೇಷನ್ 5ರಂಥ ಗೇಮ್ ಕನ್ಸೋಲ್ ಇಟ್ಟುಕೊಂಡವರಿಗೆ ಖಂಡಿತ ಬೇಕು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದ್ದು. ನಮ್ಮ ಟಿವಿ ಪ್ರಸಾರ ಸೆಕೆಂಡಿಗೆ 25 ಚಿತ್ರ ಅಥವಾ 50 ಅರ್ಧಚಿತ್ರಗಳ ಪದ್ಧತಿಯದು. ಧಾರಾವಾಹಿ, ಕ್ರಿಕೆಟ್, ಸಿನಿಮಾ ನೋಡುವ ಮನೆಗೆ 60 ಹರ್ಟ್ಸ್ ಸಾಕು.

ಎಚ್‌ಡಿಎಂಐ 2.1 ಎಂಬುದೂ ಇದೇ ಜಾತಿಯದು. 2017ರಲ್ಲಿ ಬಂದ ಈ ಆವೃತ್ತಿ ಸೆಕೆಂಡಿಗೆ 48 ಗಿಗಾಬಿಟ್ ತನಕ ಸಾಗಿಸಬಲ್ಲದು, ಆದರೆ ಅದರ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ. ಒಂದೆರಡನ್ನು ಮಾತ್ರ ಕೊಟ್ಟ ಟಿವಿಯೂ 2.1 ಎಂದು ಬರೆದುಕೊಳ್ಳಬಹುದು. ಹಾಗಾಗಿ ಆವೃತ್ತಿಯ ಸಂಖ್ಯೆಯನ್ನು ಬಿಟ್ಟು, 4ಕೆ 120 ಹರ್ಟ್ಸ್, ವಿಆರ್‌ಆರ್, ಇಆರ್ಕ್ ಎಂದು ಸೌಲಭ್ಯಗಳನ್ನೇ ಹೆಸರಿಸಿದೆಯೇ ನೋಡಿ. ಗೇಮ್ ಆಡದ, ಸೌಂಡ್‌ಬಾರ್ ಕೊಳ್ಳದ ಮನೆಗೆ ಇದರ ಚಿಂತೆಯೇ ಬೇಡ. ಡಾಲ್ಬಿ ಅಟ್ಮಾಸ್ ಕೂಡ ಟಿವಿಯ ಎರಡು ಪುಟ್ಟ ಸ್ಪೀಕರ್‌ಗಳಲ್ಲಿ ತಲೆಯ ಮೇಲಿನಿಂದ ಮಳೆ ಸುರಿಸುವುದಿಲ್ಲ. ಹೊರಗಿನ ಒಳ್ಳೆಯ ಸೌಂಡ್‌ಬಾರ್ ಜೋಡಿಸಿದಾಗ ಅದರ ಉಪಯೋಗ.

ಅಂಗಡಿಗೆ ಹೋಗಿ ನೋಡುವವರಿಗೆ ಒಂದು ಪರೀಕ್ಷೆ. ಪ್ರದರ್ಶನಕ್ಕಿಟ್ಟ ಟಿವಿಗಳು ಸಾಮಾನ್ಯವಾಗಿ "ಸ್ಟೋರ್" ಅಥವಾ "ವಿವಿಡ್" ಮೋಡಿನಲ್ಲಿ, ಹೂವು, ಹಣ್ಣಿನ ವಿಡಿಯೋ ತೋರಿಸುತ್ತಿರುತ್ತವೆ. ಅದರಲ್ಲಿ ಯಾವ ಟಿವಿಯೂ ಸೋಲುವುದಿಲ್ಲ. "ಸ್ವಲ್ಪ ಸಿನಿಮಾ ಮೋಡಿಗೆ ಹಾಕಿ ಸರ್" ಎಂದು ಕೇಳಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರುವ ರಾತ್ರಿ ದೃಶ್ಯವೊಂದನ್ನು ಪೆನ್‌ಡ್ರೈವ್‌ನಿಂದ ಹಾಕಿಸಿ. ಅಕ್ಷರದ ಸುತ್ತ, ಪರದೆಯ ಮೂಲೆಗಳಲ್ಲಿ ಎಷ್ಟು ಬೂದು ಬೆಳಕು ಸೋರುತ್ತದೆ ಎನ್ನುವುದು ಕಣ್ಣಿಗೇ ಕಾಣುತ್ತದೆ. ಸಾಧ್ಯವಾದರೆ ಮೇಲಿನ ದೀಪದ ಬೆಳಕಿನಿಂದ ದೂರವಿರುವ ಟಿವಿಯಲ್ಲಿ ನೋಡಿ.

ನಮ್ಮ ಪಟ್ಟಿಯ ಟಿವಿಯನ್ನು ಕೊಳ್ಳಬಾರದೇ? ಖಂಡಿತ ಕೊಳ್ಳಬಹುದು. ಒಳ್ಳೆಯ ಬಣ್ಣದ, 60 ಹರ್ಟ್ಸ್‌ನ ಮಾಮೂಲಿ 4ಕೆ ಟಿವಿ ಎಂದು ತಿಳಿದು, ಅದೇ ದರ್ಜೆಯ ಇತರ ಟಿವಿಗಳ ಬೆಲೆಯ ಜೊತೆ ಹೋಲಿಸಿ ಕೊಳ್ಳಿ. ಎಚ್‌ಡಿಆರ್, 120, 2.1 ಎಂಬ ಹೆಸರುಗಳಿಗಾಗಿ ಐದಾರು ಸಾವಿರ ಹೆಚ್ಚು ಕೇಳಿದರೆ ಬೇಡ ಎನ್ನಿ. ಎಂಆರ್‌ಪಿ ಹೊಡೆದು ಹಾಕಿ ತೋರಿಸುವ ರಿಯಾಯಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಅದಕ್ಕೂ ಹಿಂದಿನ ಹಳೆಯ ಬೆಲೆಯ ಜೊತೆ ಹೋಲಿಸಿದರೆ ತೆರಿಗೆಯ ಇಳಿಕೆಯೂ ಅಂಗಡಿಯವರ ರಿಯಾಯಿತಿಯಂತೆ ಕಾಣುತ್ತದೆ.

ಕೊನೆಗೆ ಮಾಡೆಲ್ ನಂಬರ್. ಒಂದೇ ಸರಣಿಯಲ್ಲಿ 43 ಇಂಚಿನದಕ್ಕೆ 60 ಹರ್ಟ್ಸ್, 55 ಇಂಚಿನದಕ್ಕೆ 120 ಹರ್ಟ್ಸ್ ಪ್ಯಾನೆಲ್ ಇರುವುದುಂಟು, ಸರಣಿಯ ಹೆಸರಿನಲ್ಲಿ ಬಂದ ವಿಮರ್ಶೆ ನೀವು ಕೊಳ್ಳುವ ಅಳತೆಗೆ ಹೊಂದದಿರಬಹುದು. ಆದ್ದರಿಂದ ಪೂರ್ತಿ ಮಾಡೆಲ್ ನಂಬರ್ ಹಾಕಿ ಕಂಪನಿಯ ಸ್ವಂತ ಪುಟದಲ್ಲೇ ವಿವರ ಓದಿ, ಆ ಪುಟವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಟಿವಿ ಮನೆಗೆ ಬಂದ ದಿನ, ಗೋಡೆಗೆ ತೂಗುಹಾಕುವ ಮೊದಲು, ಪೆಟ್ಟಿಗೆಯ ಮೇಲಿನ ಮತ್ತು ಟಿವಿಯ ಹಿಂದಿನ ಚೀಟಿಯ ನಂಬರನ್ನು ಅದರ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ, ಬಿಲ್ಲಿನಲ್ಲೂ ಅದೇ ನಂಬರ್ ಬರೆಸಿಕೊಳ್ಳಿ.